ವೃಷಭ ರಾಶಿಯಲ್ಲೊಂದು ಸೂರ್ಯನ ಜಾತಕ

ಜನವರಿ ನಡುವಿನ ರಾತ್ರಿ ಒಂಬತ್ತೂವರೆಯ ಸುಮಾರಿಗೆ ವಿಜಯಪುರದ ಬಯಲಿನಲ್ಲಿ ನಿಂತು ತಲೆಯೆತ್ತಿದರೆ ರೋಹಿಣಿ ನಕ್ಷತ್ರ ಹೆಚ್ಚುಕಡಿಮೆ ನಡುನೆತ್ತಿಯ ಮೇಲೇ ಇರುತ್ತದೆ. ಸುತ್ತಲಿನ ಬಿಳಿ ಚುಕ್ಕಿಗಳ ನಡುವೆ ಕೆಂಡದ ಬಣ್ಣದ ಅದನ್ನು ಗುರುತಿಸಲು ಯಾರೂ ಬೆರಳು ತೋರಿಸಬೇಕಿಲ್ಲ. ನಮ್ಮ ರೈತರಿಗೆ ರೋಹಿಣಿ ಎಂದರೆ ಮೊದಲು ನೆನಪಾಗುವುದು ಮಳೆ. ಮೇ ಕೊನೆಯ ವಾರದಿಂದ ಎರಡು ವಾರದ ಮಟ್ಟಿಗೆ ಸೂರ್ಯ ಈ ನಕ್ಷತ್ರದ ದಿಕ್ಕಿನಲ್ಲಿರುತ್ತಾನೆ. ಆಗ ಬಿದ್ದದ್ದು ರೋಹಿಣಿ ಮಳೆ. ತಮಾಷೆಯೆಂದರೆ, ರೋಹಿಣಿಯ ಹೆಸರು ಎಲ್ಲರ ಬಾಯಲ್ಲಿರುವ ಆ ದಿನಗಳಲ್ಲೇ ರೋಹಿಣಿ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಣ್ಣಿಗೆ ಬೀಳುವುದಿಲ್ಲ.

ಇವರಿಬ್ಬರ ನಂಟು ಪಂಚಾಂಗಕ್ಕೆ ಮುಗಿಯುವುದಿಲ್ಲ. ರೋಹಿಣಿಯ ತೂಕ ಸೂರ್ಯನಿಗಿಂತ ತುಸುವೇ ಹೆಚ್ಚು. ಆದರೆ ಅದರ ಅಡ್ಡಳತೆ ಸೂರ್ಯನ ಸುಮಾರು 45 ಪಟ್ಟು, ಬೆಳಕು 400 ಪಟ್ಟಿಗೂ ಮೀರಿದ್ದು. ಸೂರ್ಯನಂಥ ನಕ್ಷತ್ರಕ್ಕೆ ಮುಪ್ಪು ಬಂದಾಗ ಅದು ಹೇಗಿರುತ್ತದೆ ಎಂಬುದನ್ನು 65 ಜ್ಯೋತಿರ್ವರ್ಷ ದೂರದ ಈ ಕೆಂಪು ಚುಕ್ಕಿ ತೋರಿಸುತ್ತಿದೆ. ಅದೇ ವೃಷಭ ರಾಶಿಯಲ್ಲಿ, ರೋಹಿಣಿಯಿಂದ ಬಹಳ ಆಚೆ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ ಕಪ್ಪು ಅನಿಲ ಮೋಡಗಳ ಸಾಲೊಂದು ಹಬ್ಬಿದೆ. ಅದರೊಳಗೆ ಸೂರ್ಯನಷ್ಟೇ ತೂಕದ ನಕ್ಷತ್ರಗಳು ಈಗಲೂ ಹುಟ್ಟುತ್ತಿವೆ. ಮನುಷ್ಯ ಆಕಾಶ ನೋಡತೊಡಗಿದಾಗಿನಿಂದ ಸೂರ್ಯ ಎದ್ದು ಕಾಣುವಂತೆ ಬದಲಾಗಿಲ್ಲ. ಹಾಗಾಗಿ ಅವನ ಬಾಲ್ಯವನ್ನೂ ಮುಪ್ಪನ್ನೂ ಬೇರೆ ನಕ್ಷತ್ರಗಳಲ್ಲಿ ಓದಿಕೊಳ್ಳುವುದೇ ಖಗೋಳ ವಿಜ್ಞಾನಿಗಳಿಗಿರುವ ದಾರಿ. ಹಾಗೆ ಓದಲು ವೃಷಭದಷ್ಟು ಅನುಕೂಲದ ಜಾಗ ಆಕಾಶದಲ್ಲಿ ಹೆಚ್ಚಿಲ್ಲ.

ಮೊದಲು ಆ ಮೋಡದ ವಿಚಾರ. ಮೋಡ ಎಂದೊಡನೆ ಆಷಾಢದ ಮುಗಿಲನ್ನು ಕಲ್ಪಿಸಿಕೊಳ್ಳಬಾರದು. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ 25ರ ಮುಂದೆ 18 ಸೊನ್ನೆ ಇಟ್ಟಷ್ಟು ಅಣುಗಳಿರುತ್ತವೆ. ವೃಷಭದ ಮೋಡದ ದಟ್ಟ ಭಾಗದಲ್ಲಿ ಅಷ್ಟೇ ಜಾಗದಲ್ಲಿ ಸಿಗುವುದು ಹತ್ತಿಪ್ಪತ್ತು ಸಾವಿರ ಅಣುಗಳು ಮಾತ್ರ. ಆದರೂ ಅದು ಕಪ್ಪಗೆ ಕಾಣುವುದಕ್ಕೆ ಕಾರಣ ಅದರ ಅಗಾಧ ದಪ್ಪ: ಅನಿಲದ ಜೊತೆ ಬೆರೆತಿರುವ ಸೂಕ್ಷ್ಮ ಧೂಳು ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆದುಬಿಡುತ್ತದೆ. ಅನಿಲದಲ್ಲಿ ಬಹುಪಾಲು ಹೈಡ್ರೋಜನ್, ತೂಕದಲ್ಲಿ ಕಾಲು ಭಾಗದಷ್ಟು ಹೀಲಿಯಂ. ಧೂಳಿನಲ್ಲಿರುವ ಇಂಗಾಲ, ಆಮ್ಲಜನಕ, ಸಿಲಿಕಾನ್, ಕಬ್ಬಿಣವೆಲ್ಲ ಹಿಂದೆ ಬಾಳಿ ಅಳಿದ ನಕ್ಷತ್ರಗಳು ಬಿಟ್ಟುಹೋದದ್ದು.

ಈ ಮೋಡ ವಿಪರೀತ ತಣ್ಣಗಿದೆ, ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್. ನಕ್ಷತ್ರ ಹುಟ್ಟಲು ಮುಖ್ಯವಾಗಿ ಬೇಕಾದದ್ದೇ ಈ ತಂಪು. ಅನಿಲದ ಪ್ರತಿ ತುಣುಕೂ ತನ್ನ ಗುರುತ್ವದಿಂದ ಉಳಿದದ್ದನ್ನು ಒಳಗೆಳೆಯುತ್ತದೆ; ಬಿಸಿ ಇದ್ದಷ್ಟೂ ಅಣುಗಳು ಜೋರಾಗಿ ಓಡಾಡಿ ಆ ಎಳೆತವನ್ನು ಎದುರಿಸುತ್ತವೆ. ಇಂತಿಷ್ಟು ಬಿಸಿಯ, ಇಂತಿಷ್ಟು ದಟ್ಟ ಅನಿಲದಲ್ಲಿ ಎಷ್ಟು ತೂಕ ಒಟ್ಟುಗೂಡಿದರೆ ಗುರುತ್ವದ ಕೈ ಮೇಲಾಗುತ್ತದೆ ಎಂಬ ಲೆಕ್ಕವನ್ನು ಬ್ರಿಟನ್ನಿನ ಜೇಮ್ಸ್ ಜೀನ್ಸ್ 1902ರಲ್ಲಿ ಹಾಕಿದರು. ವೃಷಭದ ಮೋಡದ ತಂಪಿಗೂ ದಟ್ಟಣೆಗೂ ಆ ಲೆಕ್ಕ ಅನ್ವಯಿಸಿದರೆ ಸಿಗುವ ತೂಕ ಸೂರ್ಯನ ತೂಕದ ಆಸುಪಾಸಿನದೇ. ಮೋಡವೇ ಬಿಸಿಯಾಗಿದ್ದಿದ್ದರೆ ಅಷ್ಟು ಅನಿಲ ಕುಸಿಯದೆ ಚದುರಿಹೋಗುತ್ತಿತ್ತು.

ಒಮ್ಮೆ ಸೋತ ಮೇಲೆ ಮಾತ್ರ ಕುಸಿತಕ್ಕೆ ತಡವಿಲ್ಲ. ಒಂದು ಸೂರ್ಯನಿಗಾಗುವಷ್ಟು ಅನಿಲ ಆರಂಭದಲ್ಲಿ ಜ್ಯೋತಿರ್ವರ್ಷದ ಮೂರನೇ ಒಂದು ಭಾಗದಷ್ಟು ಅಗಲಕ್ಕೆ ಹರಡಿಕೊಂಡಿರುತ್ತದೆ. ಕೊನೆಗೆ ಅದು 14 ಲಕ್ಷ ಕಿಲೋಮೀಟರ್ ಅಡ್ಡಳತೆಯ ಚೆಂಡಾಗಬೇಕು, ಅಂದರೆ ಇಪ್ಪತ್ತು ಲಕ್ಷ ಪಟ್ಟು ಕಿರಿದಾಗಬೇಕು. ಕುಸಿತದ ಬಹುಭಾಗ ಕೆಲವೇ ಲಕ್ಷ ವರ್ಷಗಳಲ್ಲಿ ಮುಗಿದುಹೋಗುತ್ತದೆ. ಮೋಡಕ್ಕೆ ಮೊದಲಿದ್ದ ಅತಿ ನಿಧಾನದ ತಿರುಗುವಿಕೆ ಕಿರಿದಾಗುತ್ತ ಹೋದಂತೆ ಜೋರಾಗುತ್ತದೆ. ಎಲ್ಲ ಅನಿಲವೂ ನೇರ ಒಳಗೆ ಬೀಳಲಾರದೆ ಒಂದಷ್ಟು ನಕ್ಷತ್ರದ ಸುತ್ತ ಚಪ್ಪಟೆ ತಟ್ಟೆಯಾಗಿ ನಿಲ್ಲುತ್ತದೆ.

ಇದು ಬಹುಕಾಲ ಕಾಗದದ ಮೇಲಿನ ಸಿದ್ಧಾಂತವಾಗಿತ್ತು. 2014ರ ನವೆಂಬರಿನಲ್ಲಿ ಚಿಲಿಯ ಮರುಭೂಮಿಯಲ್ಲಿರುವ ಆಲ್ಮಾ ರೇಡಿಯೋ ದೂರದರ್ಶಕಗಳು ವೃಷಭದ ಮೋಡದೊಳಗಿನ ಎಚ್‌ಎಲ್ ಟೌರಿ ಎಂಬ ನಕ್ಷತ್ರದ ಚಿತ್ರ ತೆಗೆದವು. ನಡುವೆ ಹೊಳೆಯುವ ಬಿಂದು, ಅದರ ಸುತ್ತ ತಟ್ಟೆ, ತಟ್ಟೆಯ ತುಂಬ ಒಂದರ ಹೊರಗೊಂದು ಬೆಳಕು ಕತ್ತಲೆಯ ಬಳೆಗಳು. ಆ ಕಪ್ಪು ಬಳೆಗಳು ಅಲ್ಲಿ ಕೂಡಿಕೊಳ್ಳುತ್ತಿರುವ ಗ್ರಹಗಳು ಧೂಳು ಗುಡಿಸಿದ ಹಾದಿಗಳಿರಬಹುದು. ಬೆರಗಿನ ಸಂಗತಿ ಎಂದರೆ ಆ ನಕ್ಷತ್ರಕ್ಕೆ ಹತ್ತು ಲಕ್ಷ ವರ್ಷವೂ ತುಂಬಿದಂತಿಲ್ಲ. ಗ್ರಹಗಳು ಇಷ್ಟು ಬೇಗ ಮೂಡತೊಡಗುತ್ತವೆ ಎಂದು ಅದಕ್ಕೆ ಮೊದಲು ಹೆಚ್ಚು ಮಂದಿ ಎಣಿಸಿರಲಿಲ್ಲ.

ಸೂರ್ಯನ ಸುತ್ತಲೂ ಇಂಥದೇ ತಟ್ಟೆ ಇತ್ತು. ಅದರ ಪುರಾವೆ 1969ರ ಫೆಬ್ರವರಿ 8ರ ನಡುರಾತ್ರಿ ಕಳೆದ ಮೇಲೆ ಮೆಕ್ಸಿಕೋದ ಆಯೆಂದೆ ಎಂಬ ಹಳ್ಳಿಯ ಸುತ್ತಮುತ್ತ ಆಕಾಶದಿಂದ ಬಿತ್ತು. ಹೆಕ್ಕಿದ ಉಲ್ಕಾಶಿಲೆಗಳ ಒಟ್ಟು ತೂಕ ಎರಡು ಟನ್‌ಗೂ ಹೆಚ್ಚು. ಕಲ್ಲನ್ನು ಕೊಯ್ದು ನೋಡಿದರೆ ಬೂದುಗಪ್ಪು ಮೈಯಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆ. ಕೆಲವು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು ದೊಡ್ಡವು. ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ತುಂಬಿರುವ ಈ ಮಚ್ಚೆಗಳು ಸೂರ್ಯನ ತಟ್ಟೆ ತಣಿಯುವಾಗ ಎಲ್ಲಕ್ಕಿಂತ ಮೊದಲು ಗಟ್ಟಿಯಾದ ಹರಳುಗಳು. ಇಂಥ ಮಚ್ಚೆಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು ಪಡೆದ ವಯಸ್ಸು 456.7 ಕೋಟಿ ವರ್ಷ. ಸೂರ್ಯನ ಹುಟ್ಟಿದ ದಿನ ಎಂದು ಪುಸ್ತಕಗಳು ಕೊಡುವ ಲೆಕ್ಕ ಇಂಥ ಬಿಳಿ ಮಚ್ಚೆಗಳಿಂದ ಬಂದದ್ದು.

ಆ ಮಚ್ಚೆಗಳಲ್ಲೇ ಇನ್ನೊಂದು ಸುಳಿವೂ ಇತ್ತು. ಅಲ್ಯೂಮಿನಿಯಂ-26 ಎಂಬುದು ಏಳು ಲಕ್ಷ ವರ್ಷಕ್ಕೆ ಅರ್ಧ ಕರಗಿ ಮೆಗ್ನೀಷಿಯಂ ಆಗುವ ವಿಕಿರಣಶೀಲ ಧಾತು. ಹಾಗೆ ಕರಗಿದ ಗುರುತು ಮಚ್ಚೆಗಳಲ್ಲಿ ಇದೆ ಎಂದು 1970ರ ದಶಕದಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನ ಜೆರಾಲ್ಡ್ ವಾಸರ್‌ಬರ್ಗ್ ತಂಡ ತೋರಿಸಿತು. ಅಷ್ಟು ಬೇಗ ಕರಗುವ ವಸ್ತು ಹರಳಿನೊಳಗೆ ಸೇರಬೇಕಾದರೆ ಅದು ತಯಾರಾಗಿ ಹೆಚ್ಚು ಕಾಲ ಆಗಿರಬಾರದು. ಸೂರ್ಯನ ಮೋಡದ ನೆರೆಯಲ್ಲೇ ಭಾರೀ ನಕ್ಷತ್ರವೊಂದು ಇತ್ತು, ತನ್ನ ಸರಕನ್ನು ಇದರೊಳಗೆ ಚೆಲ್ಲಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಅದು ಸಿಡಿದು ಚೆಲ್ಲಿತೋ ಬಿರುಗಾಳಿಯಾಗಿ ಊದಿತೋ ಎಂಬ ವಾದ ಮುಗಿದಿಲ್ಲ.

ಎಳೆಯ ಸೂರ್ಯನಿಗೆ ಬೆಳಕು ಎಲ್ಲಿಂದ ಬಂತು? ಇಲ್ಲಿ ವೃಷಭದ್ದೇ ಇನ್ನೊಂದು ನಕ್ಷತ್ರ ನೆರವಿಗೆ ಬರುತ್ತದೆ. 1852ರಲ್ಲಿ ಲಂಡನ್ನಿನ ಜಾನ್ ರಸೆಲ್ ಹೈಂಡ್ ಗುರುತಿಸಿದ ಟಿ ಟೌರಿ ಎಂಬ ಇದರ ಬೆಳಕು ಲಯವಿಲ್ಲದೆ ಏರಿಳಿಯುತ್ತದೆ. ಅದು ಸೂರ್ಯನಿಗಿಂತ ಹೆಚ್ಚು ಬೆಳಗುತ್ತಿದ್ದರೂ ಅದರ ಒಡಲು ಹೈಡ್ರೋಜನ್ ಸಮ್ಮಿಲನಕ್ಕೆ ಬೇಕಾದಷ್ಟು ಬಿಸಿಯಾಗಿಲ್ಲ. ಅದು ಬೆಳಗುತ್ತಿರುವುದು ಕುಗ್ಗುವುದರಿಂದ. ಕುಗ್ಗುವಾಗ ಹೊರಬೀಳುವ ಗುರುತ್ವದ ಶಕ್ತಿಯಲ್ಲಿ ಅರ್ಧ ಬೆಳಕಾಗಿ ಹೋಗುತ್ತದೆ, ಉಳಿದರ್ಧ ಒಡಲನ್ನು ಕಾಯಿಸುತ್ತದೆ. ನಕ್ಷತ್ರಗಳ ಬಾಳಿನ ಬಹುಪಾಲು ತಿರುವುಗಳಿಗೆ ಈ ವಿಚಿತ್ರ ನಿಯಮವೇ ಕಾರಣ: ಶಾಖ ಕಳೆದುಕೊಂಡಷ್ಟೂ ಅನಿಲದ ಚೆಂಡು ಕುಗ್ಗುತ್ತದೆ, ಕುಗ್ಗಿದಷ್ಟೂ ಒಳಗೆ ಇನ್ನಷ್ಟು ಬಿಸಿಯಾಗುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಲಾರ್ಡ್ ಕೆಲ್ವಿನ್, ಸೂರ್ಯ ಇವತ್ತಿಗೂ ಹೀಗೆಯೇ ಉರಿಯುತ್ತಿದ್ದಾನೆ ಎಂದು ನಂಬಿದ್ದರು. ಅವರ ಲೆಕ್ಕದಂತೆ ಸೂರ್ಯನ ವಯಸ್ಸು ಕೆಲವೇ ಕೋಟಿ ವರ್ಷ. ಬಂಡೆಗಳ ಪದರ ಎಣಿಸುತ್ತಿದ್ದ ಭೂವಿಜ್ಞಾನಿಗಳಿಗೂ, ಜೀವವಿಕಾಸಕ್ಕೆ ಇನ್ನೂ ದೀರ್ಘ ಕಾಲ ಬೇಕೆಂದಿದ್ದ ಡಾರ್ವಿನ್‌ಗೂ ಈ ಲೆಕ್ಕ ಗಂಟಲ ಮುಳ್ಳಾಯಿತು. ಕೆಲ್ವಿನ್ ತಪ್ಪಿದರು ಎಂದು ಶಾಲಾಪಾಠಗಳು ಹೇಳಿ ಮುಗಿಸುತ್ತವೆ. ಅದು ಪೂರ್ತಿ ನ್ಯಾಯವಲ್ಲ. ಅವರು ಬರೆದಿಟ್ಟದ್ದು ಸೂರ್ಯನ ಬಾಲ್ಯದ ಸರಿಯಾದ ವರ್ಣನೆ. ಮೊದಲ ನಾಲ್ಕೈದು ಕೋಟಿ ವರ್ಷ ಸೂರ್ಯ ಬಹುಮಟ್ಟಿಗೆ ಕುಗ್ಗುತ್ತಲೇ ಬೆಳಗಿದ.

ಆಮೇಲೆ ನಡುಭಾಗದ ಬಿಸಿ ಒಂದು ಕೋಟಿ ಡಿಗ್ರಿ ದಾಟಿ, ಹೈಡ್ರೋಜನ್ ಬೆಸೆದು ಹೀಲಿಯಂ ಆಗುವುದು ಪೂರಾ ಜೋರಾಯಿತು. ನಾಲ್ಕು ಹೈಡ್ರೋಜನ್ ಪರಮಾಣುಗಳಿಗಿಂತ ಒಂದು ಹೀಲಿಯಂ ಪರಮಾಣು ತುಸು ಹಗುರ ಎಂದು ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್ ಅಳೆದಿದ್ದರು. ಆ ಕಳೆದುಹೋದ ಶೇಕಡಾ 0.7ರಷ್ಟು ತೂಕವೇ ಬಿಸಿಲಾಗಿ ಬರುತ್ತಿದೆ ಎಂದು 1920ರಲ್ಲಿ ಆರ್ಥರ್ ಎಡಿಂಗ್ಟನ್ ಊಹಿಸಿದರು. ಬೆಸುಗೆಯ ಹಂತಗಳನ್ನು 1930ರ ದಶಕದ ಕೊನೆಯಲ್ಲಿ ಹ್ಯಾನ್ಸ್ ಬೆಥೆ ಬಿಡಿಸಿಟ್ಟರು.

ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಬೆಸೆಯುತ್ತಾನೆ, ಅದರಲ್ಲಿ 40 ಲಕ್ಷ ಟನ್‌ಗೂ ಹೆಚ್ಚು ಶಕ್ತಿಯಾಗಿ ಹೊರಡುತ್ತದೆ. ಈ ಅಂಕಿ ಕೇಳಿ ಒಳಗೆ ಬಾಂಬು ಸಿಡಿಯುತ್ತಿದೆ ಎಂದುಕೊಂಡರೆ ತಪ್ಪು. ಸೂರ್ಯನ ನಟ್ಟನಡುವಿನ ಒಂದು ಘನ ಮೀಟರ್ ಜಾಗದಲ್ಲಿ ಹುಟ್ಟುವ ಶಕ್ತಿ 300 ವ್ಯಾಟ್‌ನೊಳಗೆ. ಗಾತ್ರಕ್ಕೆ ಗಾತ್ರ ಹೋಲಿಸಿದರೆ, ಊಟ ಮಾಡಿ ಸುಮ್ಮನೆ ಕುಳಿತ ಮನುಷ್ಯನ ಮೈ ಇದರ ಹಲವು ಪಟ್ಟು ಶಾಖ ಹೊಮ್ಮಿಸುತ್ತದೆ. ಸೂರ್ಯ ಉಜ್ವಲನಾಗಿರುವುದು ಬೃಹತ್ತಾಗಿರುವುದರಿಂದ. ಒಂದು ಪ್ರೋಟಾನ್ ಇನ್ನೊಂದರ ಜೊತೆ ಬೆಸೆಯಲು ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಅಷ್ಟು ಮಂದಗತಿಯ ಕ್ರಿಯೆ ಆದ್ದರಿಂದಲೇ ಇಂಧನ ಇಷ್ಟು ಕಾಲ ಬಾಳುತ್ತಿದೆ.

ಎಷ್ಟು ಕಾಲ? ಇದನ್ನು ಚೀಟಿಯ ಹಿಂದೆ ಲೆಕ್ಕ ಹಾಕಬಹುದು. ಸೂರ್ಯನ ತೂಕ 2ರ ಮುಂದೆ 27 ಸೊನ್ನೆಗಳಷ್ಟು ಟನ್. ಬೆಸುಗೆಗೆ ಬೇಕಾದ ಬಿಸಿ ಇರುವುದು ನಡುಭಾಗದಲ್ಲಿ ಮಾತ್ರ, ಹೊರಗಿನ ಹೈಡ್ರೋಜನ್ ಅಲ್ಲಿಗೆ ಇಳಿದು ಬೆರೆಯುವುದಿಲ್ಲ. ಹಾಗಾಗಿ ಬಳಕೆಗೆ ಒದಗುವುದು ಒಟ್ಟು ತೂಕದ ಹತ್ತನೇ ಒಂದು ಪಾಲು. ಅದನ್ನು ಸೆಕೆಂಡಿಗೆ 60 ಕೋಟಿ ಟನ್‌ನಿಂದ ಭಾಗಿಸಿ ವರ್ಷಕ್ಕೆ ಬದಲಿಸಿದರೆ ಸಿಗುವುದು ಸುಮಾರು ಸಾವಿರ ಕೋಟಿ ವರ್ಷ. ಅರ್ಧದ ಹತ್ತಿರ ಕಳೆದಿದೆ.

ಉಳಿದರ್ಧವನ್ನೂ ಸೂರ್ಯ ಇದೇ ಬಿಸಿಲಲ್ಲಿ ಕಳೆಯುತ್ತಾನೆ ಎಂದಲ್ಲ. ನಾಲ್ಕು ಕಣಗಳಿದ್ದಲ್ಲಿ ಒಂದೇ ಉಳಿದರೆ ಒಳಗಿನ ಒತ್ತಡ ತಗ್ಗುತ್ತದೆ. ನಡುಭಾಗ ತುಸು ಕುಗ್ಗುತ್ತದೆ, ಕುಗ್ಗಿ ಬಿಸಿಯಾಗುತ್ತದೆ, ಬೆಸುಗೆ ಚುರುಕಾಗುತ್ತದೆ. ಇಂಧನ ಸವೆಯುತ್ತಿದ್ದರೂ ಉರಿ ಏರುತ್ತಲೇ ಹೋಗುವುದು ಇದರಿಂದಲೇ. ಹರೆಯದ ಸೂರ್ಯನ ಬೆಳಕು ಈಗಿನದಕ್ಕಿಂತ ಸುಮಾರು ಶೇಕಡಾ 30ರಷ್ಟು ಕಡಿಮೆ ಇತ್ತು. ಇನ್ನು ನೂರು ಕೋಟಿ ವರ್ಷಕ್ಕೆ ಇನ್ನೂ ಶೇಕಡಾ 10ರಷ್ಟು ಏರುತ್ತದೆ. ಭೂಮಿಯ ಕಡಲುಗಳು ಆವಿಯಾಗಿ ಬಾಹ್ಯಾಕಾಶಕ್ಕೆ ಸೋರತೊಡಗಲು ಅಷ್ಟು ಸಾಕು ಎನ್ನುತ್ತವೆ ಬಹಳಷ್ಟು ಮಾದರಿಗಳು. ಸೂರ್ಯ ಉಬ್ಬಿ ಭೂಮಿಯನ್ನು ನುಂಗುತ್ತಾನೆ ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ದಿನ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ನೀರು ಮುಗಿದಿರುತ್ತದೆ.

ನಡುಭಾಗದ ಹೈಡ್ರೋಜನ್ ಮುಗಿದು ಅಲ್ಲಿ ಬರೀ ಹೀಲಿಯಂ ಉಳಿದಾಗ ರೋಹಿಣಿಯ ಸ್ಥಿತಿ ಶುರುವಾಗುತ್ತದೆ. ಉರಿಯದ ಹೀಲಿಯಂ ಗಟ್ಟಿ ಕುಗ್ಗುತ್ತ ಬಿಸಿಯಾಗುತ್ತದೆ. ಅದರ ಸುತ್ತಲಿನ ತೆಳು ಪದರದಲ್ಲಿರುವ ಹೈಡ್ರೋಜನ್ ಹಿಂದೆಂದೂ ಇಲ್ಲದ ವೇಗದಲ್ಲಿ ಬೆಸೆಯುತ್ತದೆ. ಆ ಶಕ್ತಿಯ ಒತ್ತಡಕ್ಕೆ ಹೊರಮೈ ಉಬ್ಬುತ್ತದೆ, ಉಬ್ಬಿ ತಣಿದು ಕೆಂಪಾಗುತ್ತದೆ. ಒಳಗೆ ಕುಗ್ಗುವುದು, ಹೊರಗೆ ಹಿಗ್ಗುವುದು ಎರಡೂ ಒಟ್ಟಿಗೇ ನಡೆಯುತ್ತವೆ. ಕ್ಲಾಸ್-ಪೀಟರ್ ಶ್ರೋಡರ್ ಮತ್ತು ರಾಬರ್ಟ್ ಸ್ಮಿತ್ 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಂದಿನಿಂದ ಸುಮಾರು 760 ಕೋಟಿ ವರ್ಷಕ್ಕೆ ಸೂರ್ಯ ಈಗಿನ 250 ಪಟ್ಟು ಅಗಲವಾಗಿ 2,700 ಪಟ್ಟು ಬೆಳಗುತ್ತಾನೆ. ರೋಹಿಣಿಯ 45 ಪಟ್ಟು ಆ ಏರಿನ ಅರ್ಧದಾರಿಯೂ ಅಲ್ಲ.

ಬುಧ, ಶುಕ್ರ ಉಳಿಯುವುದಿಲ್ಲ. ಭೂಮಿಯ ವಿಷಯದಲ್ಲಿ ಮಾತ್ರ ಎರಡು ಶಕ್ತಿಗಳ ಹಗ್ಗಜಗ್ಗಾಟವಿದೆ. ಕೆಂಪು ದೈತ್ಯ ನಕ್ಷತ್ರ ತನ್ನ ಹೊರಪದರವನ್ನು ಗಾಳಿಯಾಗಿ ಊದಿಬಿಡುತ್ತದೆ. ತೂಕ ಕಳೆದುಕೊಂಡ ಸೂರ್ಯನ ಹಿಡಿತ ಸಡಿಲಾಗಿ ಭೂಮಿ ದೂರ ಸರಿಯಬೇಕು. ಆದರೆ ಭೂಮಿಯ ಎಳೆತಕ್ಕೆ ಆ ಉಬ್ಬಿದ ಮೈಯಲ್ಲಿ ಏಳುವ ಉಬ್ಬರ ಅದನ್ನು ಹಿಂದಕ್ಕೆ ಜಗ್ಗಿ ಒಳಸರಿಸುತ್ತದೆ. ಶ್ರೋಡರ್ ಮತ್ತು ಸ್ಮಿತ್ ಪ್ರಕಾರ ಕೊನೆಗೆ ಗೆಲ್ಲುವುದು ಉಬ್ಬರ. ಭೂಮಿ ಈಗಿರುವುದಕ್ಕಿಂತ ಶೇಕಡಾ 15ರಷ್ಟು ಆಚೆ ಇದ್ದಿದ್ದರೆ ಬಚಾವಾಗುತ್ತಿತ್ತು ಎನ್ನುತ್ತಾರೆ ಅವರು. ಎಲ್ಲ ಲೆಕ್ಕಗಳೂ ಇದನ್ನು ಒಪ್ಪುವುದಿಲ್ಲ, ಯಾಕೆಂದರೆ ದೈತ್ಯ ನಕ್ಷತ್ರ ಎಷ್ಟು ವೇಗವಾಗಿ ತೂಕ ಕಳೆದುಕೊಳ್ಳುತ್ತದೆ ಎಂಬುದೇ ನಿಖರವಾಗಿ ಕೈಗೆ ಸಿಕ್ಕಿಲ್ಲ.

ಆ ತುತ್ತತುದಿಯಲ್ಲಿ ನಡುಭಾಗ ಹತ್ತು ಕೋಟಿ ಡಿಗ್ರಿ ಮುಟ್ಟಿ, ಮೂರು ಮೂರು ಹೀಲಿಯಂ ಸೇರಿ ಇಂಗಾಲವಾಗತೊಡಗುತ್ತದೆ. ಕೆಲವೇ ನಿಮಿಷ ಒಳಗೆ ಭೀಕರ ಜ್ವಾಲೆ ಎದ್ದರೂ ಅದಷ್ಟೂ ಶಕ್ತಿ ನಡುಭಾಗವನ್ನು ಹಿಗ್ಗಿಸುವುದಕ್ಕೇ ಖರ್ಚಾಗುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಕಾಣದು. ಆಮೇಲೆ ಸೂರ್ಯ ಕುಗ್ಗಿ, ಹೀಲಿಯಂ ಉರಿಸುತ್ತ ಹತ್ತು ಕೋಟಿ ವರ್ಷಗಳಷ್ಟು ಶಾಂತವಾಗಿರುತ್ತಾನೆ. ಅದೂ ಮುಗಿದು ಮತ್ತೆ ಉಬ್ಬಿದಾಗ ಹೊರಪದರಗಳು ಪೂರ್ತಿ ಕಳಚಿ ಹೊಳೆಯುವ ಅನಿಲದ ಬಳೆಯಾಗಿ ಹರಡುತ್ತವೆ. ಅಭಿಜಿತ್ ನಕ್ಷತ್ರದ ನೆರೆಯಲ್ಲಿರುವ ಉಂಗುರ ನೀಹಾರಿಕೆ ಅಂಥ ಕಳಚಿದ ಪದರ. ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಅದು ಚದುರಿಹೋಗುತ್ತದೆ. ಸೂಪರ್‌ನೋವಾ ಆಗಿ ಸಿಡಿಯಲು ಸೂರ್ಯನ ಸುಮಾರು ಎಂಟು ಪಟ್ಟು ತೂಕ ಬೇಕು, ನಮ್ಮ ಸೂರ್ಯನಿಗೆ ಆ ಯೋಗವಿಲ್ಲ.

ಉಳಿಯುವುದು ಸೂರ್ಯನ ಈಗಿನ ಅರ್ಧಕ್ಕಿಂತ ತುಸು ಹೆಚ್ಚು ತೂಕದ ಶ್ವೇತಕುಬ್ಜ. ಇಂಗಾಲ, ಆಮ್ಲಜನಕದ ಗಟ್ಟಿ, ಗಾತ್ರ ಹೆಚ್ಚುಕಡಿಮೆ ಭೂಮಿಯಷ್ಟು. ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ ಓಲಾಡುತ್ತ ಸಾಗುವುದನ್ನು ನೋಡಿ ಅದಕ್ಕೊಂದು ಕಾಣದ ಜೊತೆಗಾರ ಇರಬೇಕೆಂದು ಜರ್ಮನಿಯ ಬೆಸೆಲ್ 1844ರಲ್ಲಿ ಹೇಳಿದ್ದರು. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ದೂರದರ್ಶಕ ಪರೀಕ್ಷಿಸುವಾಗ ಅದು ಕಂಡಿತು. ಸೂರ್ಯನಷ್ಟು ತೂಕ, ಭೂಮಿಯಷ್ಟು ಗಾತ್ರ. ಅದರ ಒಂದು ಘನ ಸೆಂಟಿಮೀಟರ್ ತುಣುಕು ಎರಡು ಟನ್‌ಗೂ ಮಿಗಿಲು. ಇಲ್ಲಿ ಗುರುತ್ವವನ್ನು ತಡೆಯುವುದು ಬಿಸಿ ಅಲ್ಲ. ಎಲೆಕ್ಟ್ರಾನುಗಳು ಒಂದೇ ನೆಲೆಯಲ್ಲಿ ಒತ್ತೊತ್ತಾಗಿ ಕೂರಲು ಒಪ್ಪುವುದಿಲ್ಲ, ಆ ಪ್ರತಿರೋಧ ಎಷ್ಟು ತಣ್ಣಗಾದರೂ ಕುಂದುವುದಿಲ್ಲ. 1930ರಲ್ಲಿ ಮದ್ರಾಸಿನಲ್ಲಿ ಓದು ಮುಗಿಸಿ ಇಂಗ್ಲೆಂಡಿಗೆ ಹಡಗೇರಿದ್ದ 19 ವರ್ಷದ ಎಸ್. ಚಂದ್ರಶೇಖರ್, ಈ ತಡೆಗೂ ಒಂದು ಮಿತಿ ಇದೆ ಎಂದು ಆ ಪಯಣದಲ್ಲೇ ಕಂಡುಕೊಂಡರು, ಸೂರ್ಯನ 1.4 ಪಟ್ಟಿಗಿಂತ ಭಾರದ ಗಟ್ಟಿ ಹೀಗೆ ನಿಲ್ಲಲಾರದು. ಸೂರ್ಯನ ಗಟ್ಟಿ ಆ ಮಿತಿಗಿಂತ ಎಷ್ಟೋ ಕೆಳಗಿದೆ. ಹೊಸ ಇಂಧನವಿಲ್ಲದೆ ಅದು ಸಾವಿರಾರು ಕೋಟಿ ವರ್ಷ ತಣಿಯುತ್ತಲೇ ಇರುತ್ತದೆ.

ಭೂಮಿ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆಗೆ ಈಗ ಬರೀ ಲೆಕ್ಕವನ್ನೇ ನಂಬಿ ಕೂರಬೇಕಿಲ್ಲ. 2020ರಲ್ಲಿ ಸುಮಾರು 12,000 ಜ್ಯೋತಿರ್ವರ್ಷ ದೂರದ ಸೂರ್ಯನಂಥ ನಕ್ಷತ್ರವೊಂದು ಹಠಾತ್ತನೆ ಹೊಳೆದು ಮಂಕಾದದ್ದನ್ನು ಕಿಶಲಯ್ ಡೇ ಮತ್ತು ಸಂಗಡಿಗರು ಬೆನ್ನುಹತ್ತಿ, ಅದು ತನ್ನ ಗ್ರಹವೊಂದನ್ನು ನುಂಗಿದ ಕ್ಷಣ ಎಂದು 2023ರಲ್ಲಿ ವರದಿ ಮಾಡಿದರು. ಅದರ ಮರುವರ್ಷ ಇದಕ್ಕೆ ಎದುರಾದ ಸಾಕ್ಷಿ ಬಂತು. ಸುಮಾರು 4,000 ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ ಅರ್ಧ ತೂಕದ ಒಂದು ಶ್ವೇತಕುಬ್ಜದ ಸುತ್ತ ಭೂಮಿಯ ಎರಡು ಪಟ್ಟಿನೊಳಗಿನ ತೂಕದ ಗ್ರಹವೊಂದು ಸುತ್ತುತ್ತಿದೆ. ಅದಿರುವ ದೂರ ಸೂರ್ಯ–ಭೂಮಿ ಅಂತರದ ಸುಮಾರು ಎರಡು ಪಟ್ಟು. ಆ ನಕ್ಷತ್ರ ಅರ್ಧದಷ್ಟು ತೂಕ ಕಳೆದುಕೊಳ್ಳುವ ಮೊದಲು ಈ ಗ್ರಹ ಭೂಮಿ ಈಗಿರುವಷ್ಟೇ ದೂರದಲ್ಲಿ ಸುತ್ತುತ್ತಿದ್ದಿರಬಹುದು ಎಂಬುದು ಅದನ್ನು ಕಂಡವರ ಅಂದಾಜು.